ತಲಬು ಬೇರೆ, ಹಿತ ಬೇರೆ: ಕವಳದ ಬಟ್ಟಲಿನಿಂದ ಮಿದುಳಿನವರೆಗೆ

ಶಿವಮೊಗ್ಗದಲ್ಲಿ ಸಾರ್ವಜನಿಕರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಎರಡು ಪ್ರಶ್ನೆಗಳನ್ನೂ ಸೇರಿಸಿದೆ.

ಎಲ್ಲರಿಗೂ ನಮಸ್ಕಾರ.

ಹೊಗೆಸೊಪ್ಪು ಹಾಕುವವರಿಗೆ ಮನೆಯಲ್ಲಿ ಒಂದು ಪ್ರಶ್ನೆ ತಪ್ಪಿದ್ದಲ್ಲ. "ಅದರಲ್ಲಿ ಅಂಥಾದ್ದೇನು ಸುಖ ಇದೆ ನಿಮಗೆ?" ಉತ್ತರವೂ ಹೆಚ್ಚುಕಡಿಮೆ ಒಂದೇ. "ಸುಖ ಏನೂ ಇಲ್ಲ ಮಾರಾಯ್ತಿ, ಆದ್ರೆ ಹಾಕದೇ ಇರೋಕಾಗಲ್ಲ." ಕೇಳಿದವರಿಗೆ ಇದು ನೆಪ ಅನ್ನಿಸುತ್ತದೆ. ಸುಖ ಇಲ್ಲದಿದ್ದರೆ ಯಾಕೆ ಹಾಕಬೇಕು? ಇಷ್ಟವಿಲ್ಲದ್ದು ಬೇಕು ಅನ್ನಿಸುವುದು ಹೇಗೆ?

ಆ ಉತ್ತರ ನೆಪವಲ್ಲ, ನಿಜ. ಮಿದುಳಿನಲ್ಲಿ 'ಬೇಕು' ಅನ್ನಿಸುವ ವ್ಯವಸ್ಥೆ ಒಂದು, 'ಹಿತವಾಗಿದೆ' ಅನ್ನಿಸುವ ವ್ಯವಸ್ಥೆ ಇನ್ನೊಂದು. ದಿನನಿತ್ಯದ ಬದುಕಿನಲ್ಲಿ ಎರಡೂ ಜೊತೆಯಾಗಿಯೇ ನಡೆಯುವುದರಿಂದ ನಮಗೆ ಒಂದೇ ಎಂದು ಕಾಣುತ್ತವೆ. ಚಟ ಹತ್ತಿದಾಗ ಇವೆರಡೂ ಬೇರೆಯಾಗುತ್ತವೆ. ಹಿತ ಕುಗ್ಗುತ್ತಾ ಹೋಗುತ್ತದೆ, ತಲಬು ಬೆಳೆಯುತ್ತಾ ಹೋಗುತ್ತದೆ. ಇದು ಗೊತ್ತಾದದ್ದು ಹೇಗೆ, ಗೊತ್ತಾದ ಮೇಲೆ ಚಟ ಬಿಡುವವರು ಏನನ್ನು ಬೇರೆ ರೀತಿ ಮಾಡಬೇಕು ಎಂಬುದೇ ಇವತ್ತಿನ ಮಾತು. ಮದ್ಯ, ಜೂಜುಗಳಿಗೂ ಇದರಲ್ಲಿ ಬಹಳಷ್ಟು ಹೊಂದುತ್ತದೆ. ಆದರೆ ನಾವು ಕುಳಿತಿರುವುದು ಅಡಿಕೆಯ ನಾಡಿನಲ್ಲಿ. ಸಾಗರ, ಹೊಸನಗರದ ಕಡೆ ಕವಳ ಎನ್ನುತ್ತೇವಲ್ಲ, ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು, ಅದನ್ನೇ ಹಿಡಿದು ಹೊರಡೋಣ.

ಪತ್ರಿಕೆಗಳಲ್ಲಿ, ಮೊಬೈಲಿನಲ್ಲಿ ಡೋಪಮಿನ್ ಎಂದರೆ 'ಸಂತೋಷದ ಹಾರ್ಮೋನು' ಎಂದು ಓದಿರುತ್ತೀರಿ. ಆ ಮಾತಿಗೆ ಒಂದು ಹಿನ್ನೆಲೆ ಇದೆ. 1954ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್ ಎಂಬಿಬ್ಬರು ಇಲಿಗಳ ಮಿದುಳಿನೊಳಗೆ ಸಣ್ಣ ತಂತಿ ಇಳಿಸಿ, ಇಲಿ ತಾನೇ ಸನ್ನೆಕೋಲು ಒತ್ತಿದರೆ ಅಲ್ಲಿಗೆ ಸ್ವಲ್ಪ ವಿದ್ಯುತ್ ಹರಿಯುವಂತೆ ಮಾಡಿದರು. ಇಲಿಗಳು ಒತ್ತಿದ್ದೇ ಒತ್ತಿದ್ದು. ತಂತಿ ಕೆಲವು ಜಾಗಗಳಲ್ಲಿದ್ದರೆ ಗಂಟೆಗೆ ಸಾವಿರಕ್ಕೂ ಹೆಚ್ಚು ಸಲ ಒತ್ತುತ್ತಿದ್ದವು. ಇದು ಮಿದುಳಿನ 'ಸುಖಕೇಂದ್ರ' ಇರಬೇಕು ಎಂದುಕೊಂಡರು. ಮುಂದೆ ಆ ದಾರಿಯಲ್ಲಿ ಕೆಲಸ ಮಾಡುವ ಮುಖ್ಯ ರಾಸಾಯನಿಕ ಡೋಪಮಿನ್ ಎಂದು ತಿಳಿದಾಗ, ಡೋಪಮಿನ್ ಎಂದರೆ ಸುಖ ಎಂಬ ಸಮೀಕರಣ ಗಟ್ಟಿಯಾಯಿತು.

ಆ ದಾರಿ ಯಾವುದು ಎಂದು ಇಲ್ಲೇ ಹೇಳಿಬಿಡುತ್ತೇನೆ. ಮಿದುಳಿನ ಬುಡದಲ್ಲಿ, ಸುಮಾರಾಗಿ ಎರಡು ಕಿವಿಗಳ ನಡುವೆ, ನಡುಮಿದುಳು ಇದೆ. ಇಡೀ ಮಿದುಳಿನ ಸುಮಾರು 8,600 ಕೋಟಿ ನರಕೋಶಗಳ ಪೈಕಿ ಡೋಪಮಿನ್ ಸ್ರವಿಸುವವು ಕೆಲವೇ ಲಕ್ಷ. ಅವುಗಳಲ್ಲಿ ಬಹುಪಾಲು ಇರುವುದು ಅಲ್ಲೇ. ಅವುಗಳ ಒಂದು ಗುಂಪು ಹಣೆಯ ದಿಕ್ಕಿಗೆ ಎಳೆ ಚಾಚಿ, ಅಕುಂಬೆನ್ಸ್ ಎಂಬ ಗಂಟಿನಲ್ಲಿ ಡೋಪಮಿನ್ ಸುರಿಸುತ್ತದೆ. ತೋಟದ ಕಾಲುವೆಯ ಹಾಗೆ ಅಂದುಕೊಳ್ಳಿ. ಮೂಲ ಚಿಕ್ಕದು, ನೀರು ತಲುಪುವ ಜಾಗ ದೊಡ್ಡದು.

ಡೋಪಮಿನ್ ಸುಖವೇ ಆಗಿದ್ದರೆ, ಅದನ್ನು ಪೂರ್ತಿ ತೆಗೆದುಹಾಕಿದ ಇಲಿಗೆ ಸಿಹಿ ಸಿಹಿಯಾಗಿ ಹಿಡಿಸಬಾರದು. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಕೆಂಟ್ ಬೆರಿಡ್ಜ್, ಟೆರ್ರಿ ರಾಬಿನ್ಸನ್ ಮತ್ತು ಸಂಗಡಿಗರು ಇದನ್ನೇ ಪರೀಕ್ಷಿಸಿ 1989ರಲ್ಲಿ ಪ್ರಕಟಿಸಿದರು. ಇಲಿಗೆ ಹಿತವಾಯಿತೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಮಗುವಿಗೆ ತಿಳಿಯುವ ಹಾಗೆಯೇ, ಮುಖ ನೋಡಿ. ಹುಟ್ಟಿದ ಕೂಸಿನ ನಾಲಗೆಗೆ ಸಕ್ಕರೆ ನೀರು ತಾಗಿಸಿದರೆ ತುಟಿ ನೆಕ್ಕುತ್ತದೆ, ಚಪ್ಪರಿಸುತ್ತದೆ. ಕಹಿ ತಾಗಿಸಿದರೆ ಬಾಯಿ ಅಗಲಿಸಿ ತಲೆ ಒದರುತ್ತದೆ. ಇಲಿಯೂ ಹಾಗೆಯೇ ಮಾಡುತ್ತದೆ. ಅವರು ವಿಶೇಷ ರಾಸಾಯನಿಕದಿಂದ ಇಲಿಯ ಡೋಪಮಿನ್ ಎಳೆಗಳನ್ನು ಬಹುತೇಕ ನಾಶಮಾಡಿದರು. ಆ ಇಲಿಗಳು ಆಹಾರದ ಮಧ್ಯೆ ಕುಳಿತಿದ್ದರೂ ತಾವಾಗಿ ತಿನ್ನಲಿಲ್ಲ. ಕೊಳವೆಯಲ್ಲಿ ಉಣಿಸದಿದ್ದರೆ ಸಾಯುತ್ತಿದ್ದವು. ಆದರೆ ಬಾಯಿಗೆ ಸಕ್ಕರೆ ನೀರು ಬಿಟ್ಟಾಗ, ಮಾಮೂಲಿ ಇಲಿಗಳಷ್ಟೇ ಚೆನ್ನಾಗಿ ಬಾಯಿ ಚಪ್ಪರಿಸಿದವು. ಹಿತ ಹಾಗೇ ಇತ್ತು, 'ಬೇಕು' ಎಂಬುದು ಮಾತ್ರ ಹೋಗಿತ್ತು.

ಎರಡು ವರ್ಷದ ಮೇಲೆ ಬೆರಿಡ್ಜ್ ಇದರ ತಿರುವುಮುರುವು ಪ್ರಯೋಗವನ್ನೂ ಮಾಡಿದರು. ವಿದ್ಯುತ್ತಿನಿಂದ ಆ ದಾರಿಯನ್ನು ಕೆರಳಿಸಿದಾಗ ಇಲಿಗಳು ಹೊಟ್ಟೆಬಾಕರಂತೆ ತಿಂದವು. ಮುಖ ನೋಡಿದರೆ ಹಿತ ಹೆಚ್ಚಿದ ಲಕ್ಷಣವೇ ಇಲ್ಲ, ಬದಲಿಗೆ ಕಹಿ ತಾಗಿದಾಗಿನ ಚಹರೆಯೇ ಹೆಚ್ಚಿತ್ತು. ತಿನ್ನುತ್ತಿದ್ದವು, ಆದರೆ ಸವಿಯುತ್ತಿರಲಿಲ್ಲ. ನನ್ನ ಮಟ್ಟಿಗೆ ಚಟವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಚಿತ್ರ ಇನ್ನೊಂದಿಲ್ಲ.

ಹಾಗಾದರೆ ಹಿತ ಎಲ್ಲಿದೆ? ಅದೂ ಅಲ್ಲೇ ಹತ್ತಿರದಲ್ಲಿದೆ, ಆದರೆ ಬಹಳ ಚಿಕ್ಕದು. ಇಲಿಯ ಅಕುಂಬೆನ್ಸ್‌ನಲ್ಲಿ ಹಿತವನ್ನು ಹೆಚ್ಚಿಸುವ ಜಾಗದ ಗಾತ್ರ ಸುಮಾರು ಒಂದು ಘನ ಮಿಲಿಮೀಟರ್. ಅಲ್ಲಿ ಕೆಲಸ ಮಾಡುವುದು ಡೋಪಮಿನ್ ಅಲ್ಲ, ಮಿದುಳೇ ತಯಾರಿಸಿಕೊಳ್ಳುವ ಅಫೀಮಿನಂಥ ರಾಸಾಯನಿಕಗಳು. 'ಬೇಕು' ಎಂಬುದರ ಜಾಲ ದೊಡ್ಡದು, ಗಟ್ಟಿ. ಹಿತದ ಜಾಗ ಪುಟ್ಟದು, ಸೂಕ್ಷ್ಮ.

ಮನುಷ್ಯರ ಮುಖ ನೋಡಿ ಇದನ್ನೆಲ್ಲ ಅಳೆಯುವುದು ಸುಲಭವಲ್ಲ. ಆದರೆ ಒಂದು ಔಷಧಿ ನಮಗೆ ಸಾಕ್ಷಿ ಹೇಳುತ್ತದೆ. ಪಾರ್ಕಿನ್‌ಸನ್ ಕಾಯಿಲೆಗೆ ಪ್ರಾಮಿಪೆಕ್ಸೋಲ್, ರೋಪಿನಿರೋಲ್ ಎಂಬ ಮಾತ್ರೆಗಳಿವೆ. ಡೋಪಮಿನ್ ಮಾಡುವ ಕೆಲಸವನ್ನು ಅವೇ ಮಾಡುತ್ತವೆ. ಇವನ್ನು ತೆಗೆದುಕೊಳ್ಳುವ ಕೆಲವರಿಗೆ ಹಿಂದೆಂದೂ ಇಲ್ಲದ ಜೂಜಿನ ಹುಚ್ಚು, ಕೊಳ್ಳುವ ಹುಚ್ಚು, ತಿನ್ನುವ ಹುಚ್ಚು ಹತ್ತುತ್ತದೆ. ವೈದ್ಯರು ಪ್ರಮಾಣ ಇಳಿಸಿದರೆ ಅಥವಾ ಮಾತ್ರೆ ಬದಲಿಸಿದರೆ ಹೆಚ್ಚಿನವರಲ್ಲಿ ಅದು ಇಳಿಯುತ್ತದೆ. ಮನೆಯಲ್ಲಿ ಯಾರಾದರೂ ಈ ಮಾತ್ರೆ ತೆಗೆದುಕೊಳ್ಳುತ್ತಿದ್ದು ನಡವಳಿಕೆ ಹೀಗೆ ಬದಲಾಗಿದ್ದರೆ, ಮಾತ್ರೆಯನ್ನು ನೀವಾಗಿಯೇ ನಿಲ್ಲಿಸದೆ ವೈದ್ಯರಿಗೆ ತಿಳಿಸಿ.

ಈಗ ಕವಳಕ್ಕೆ ಬರೋಣ. ಊಟ ಮುಗಿಸಿ ಚಾವಡಿಯಲ್ಲಿ ಕುಳಿತವರ ಕೈಗಳನ್ನು ಗಮನಿಸಿ. ಎಲೆ ಒರೆಸುತ್ತಾರೆ, ತೊಟ್ಟು ಚಿವುಟುತ್ತಾರೆ, ಎಲೆಯ ಬೆನ್ನಿಗೆ ಸುಣ್ಣ ಸವರುತ್ತಾರೆ, ಅಡಿಕೆ ಹೋಳು ಇಡುತ್ತಾರೆ, ಒಂದು ಚಿಟಿಕೆ ಹೊಗೆಸೊಪ್ಪು ತಿಕ್ಕಿ ಸೇರಿಸುತ್ತಾರೆ, ಮಡಚಿ ದವಡೆಗೆ ಇಡುತ್ತಾರೆ. ಇದರಲ್ಲಿ ಸುಣ್ಣದ ಕೆಲಸ ದೊಡ್ಡದು. ಸುಣ್ಣ ಬಾಯಿಯ ರಸವನ್ನು ಕ್ಷಾರವಾಗಿಸುತ್ತದೆ. ಕ್ಷಾರದಲ್ಲಿ ಹೊಗೆಸೊಪ್ಪಿನ ನಿಕೋಟಿನ್ ತನ್ನ ವಿದ್ಯುದಂಶ ಕಳೆದುಕೊಂಡು ಕೆನ್ನೆಯ ಒಳಪೊರೆಯನ್ನು ಸುಲಭವಾಗಿ ದಾಟುತ್ತದೆ. ಸುಣ್ಣವಿಲ್ಲದ ಹೊಗೆಸೊಪ್ಪು ಸಪ್ಪೆ ಅನ್ನಿಸುವುದಕ್ಕೆ ಇದು ಮುಖ್ಯ ಕಾರಣ.

ಆದರೂ ಬೀಡಿ, ಸಿಗರೇಟಿಗೆ ಹೋಲಿಸಿದರೆ ಜಗಿಯುವ ದಾರಿ ನಿಧಾನದ್ದು. ಹೊಗೆಯಲ್ಲಿ ನಿಕೋಟಿನ್ 10ರಿಂದ 20 ಸೆಕೆಂಡಿನಲ್ಲಿ ಮಿದುಳು ಮುಟ್ಟುತ್ತದೆ. ಜಗಿದಾಗ ರಕ್ತದಲ್ಲಿ ಅದರ ಮಟ್ಟ ನಿಮಿಷಗಟ್ಟಲೆ ಏರುತ್ತಾ, ಸುಮಾರು ಅರ್ಧ ಗಂಟೆಗೆ ತುದಿ ಮುಟ್ಟುತ್ತದೆ. ಆದರೆ ತಲಬು ಇಳಿಯುವುದಕ್ಕೆ ಯಾರೂ ಅರ್ಧ ಗಂಟೆ ಕಾಯುವುದಿಲ್ಲ. ಎಲೆಯ ತೊಟ್ಟು ಚಿವುಟುವಾಗಲೇ ಮೈ ಸಜ್ಜಾಗಿರುತ್ತದೆ. ನಿಕೋಟಿನ್ ಇನ್ನೂ ಬಟ್ಟಲಿನಲ್ಲೇ ಇದ್ದಾಗ ಮಿದುಳಿನಲ್ಲಿ ಏನು ನಡೆಯಿತು?

ಇದಕ್ಕೆ ಉತ್ತರ ಸಿಕ್ಕಿದ್ದು ವುಲ್ಫ್ರಮ್ ಶುಲ್ಟ್ಜ್ ಎಂಬ ವಿಜ್ಞಾನಿ ಕೋತಿಗಳ ಮೇಲೆ ಮಾಡಿದ ಪ್ರಯೋಗಗಳಲ್ಲಿ. ಡೋಪಮಿನ್ ಕೋಶಗಳು ಸುಮ್ಮನಿದ್ದಾಗಲೂ ಸೆಕೆಂಡಿಗೆ ನಾಲ್ಕೈದು ಸಲ ಮಿಡಿಯುತ್ತಿರುತ್ತವೆ. ಕೋತಿಗೆ ಅನಿರೀಕ್ಷಿತವಾಗಿ ಹಣ್ಣಿನ ರಸದ ಹನಿ ಸಿಕ್ಕಾಗ ಆ ಮಿಡಿತ ಒಮ್ಮೆಲೇ ಜೋರಾಯಿತು. ಆಮೇಲೆ, ಮೊದಲು ಒಂದು ದೀಪ ಹೊತ್ತಿ, ಸ್ವಲ್ಪ ಹೊತ್ತಿಗೆ ರಸ ಬರುವಂತೆ ಮಾಡಿದರು. ಕೋತಿ ಇದನ್ನು ಕಲಿತ ಮೇಲೆ, ರಸ ಬಂದಾಗ ಕೋಶಗಳು ಏನೂ ಹೇಳಲಿಲ್ಲ, ದೀಪ ಹೊತ್ತಿದ ಕ್ಷಣದಲ್ಲೇ ಜೋರಾಗಿ ಮಿಡಿದವು. ದೀಪ ಹೊತ್ತಿಯೂ ರಸ ಬರದಿದ್ದರೆ, ಬರಬೇಕಾದ ಆ ಕ್ಷಣದಲ್ಲಿ ಮಿಡಿತ ಮಾಮೂಲಿಗಿಂತ ಕೆಳಗಿಳಿಯಿತು. ಅಂದರೆ ಡೋಪಮಿನ್ ಹೇಳುವುದು 'ಸಿಕ್ಕಿತು' ಎಂದಲ್ಲ. 'ಅಂದುಕೊಂಡದ್ದಕ್ಕಿಂತ ಹೆಚ್ಚು' ಅಥವಾ 'ಅಂದುಕೊಂಡದ್ದಕ್ಕಿಂತ ಕಡಿಮೆ' ಎಂದು. ನಿರೀಕ್ಷೆಯ ಲೆಕ್ಕ ಅದು.

ರುಚಿಯಾದ ಊಟದ ವಿಷಯದಲ್ಲಿ ಈ ಲೆಕ್ಕ ತನ್ನಷ್ಟಕ್ಕೇ ಸರಿಹೋಗುತ್ತದೆ. ಅಂದುಕೊಂಡಷ್ಟೇ ಸಿಕ್ಕರೆ ಡೋಪಮಿನ್ ಸುಮ್ಮನಾಗುತ್ತದೆ. ನಿಕೋಟಿನ್ ಹಾಗಲ್ಲ. ಅದು ನಡುಮಿದುಳಿನ ಆ ಕೋಶಗಳ ಮೇಲಿರುವ, ರಾಸಾಯನಿಕಗಳು ಬಂದು ಕೂರುವ ಗ್ರಾಹಕಗಳಿಗೆ ನೇರವಾಗಿ ಹೋಗಿ ಅಂಟುತ್ತದೆ, ಡೋಪಮಿನ್ನನ್ನು ರಾಸಾಯನಿಕವಾಗಿಯೇ ಸುರಿಸುತ್ತದೆ. ಹಾಗಾಗಿ ಪ್ರತಿ ಸಲವೂ 'ಅಂದುಕೊಂಡದ್ದಕ್ಕಿಂತ ಹೆಚ್ಚು' ಎಂಬ ಸುಳ್ಳು ಲೆಕ್ಕ ಬರೆಯಲ್ಪಡುತ್ತದೆ. ಆ ಹೊತ್ತಿನಲ್ಲಿ ಸುತ್ತ ಇದ್ದದ್ದಕ್ಕೆಲ್ಲ ಆ ಬೆಲೆ ಅಂಟಿಕೊಳ್ಳುತ್ತದೆ: ಕವಳದ ಬಟ್ಟಲು, ಸುಣ್ಣದ ವಾಸನೆ, ಆನಂದಪುರದಲ್ಲಿ ಬಸ್ಸು ನಿಂತಾಗ ಕಾಣುವ ಗೂಡಂಗಡಿ. ದಿನಕ್ಕೆ 14 ಸಲ ಎಂದರೆ ವರ್ಷಕ್ಕೆ ಐದು ಸಾವಿರ ಸಲ ಈ ಪಾಠ ನಡೆಯುತ್ತದೆ. ಡೋಪಮಿನ್ ದಾರಿ ಈ ಸೂಚನೆಗಳಿಗೆ ಇನ್ನಷ್ಟು ಚುರುಕಾಗುತ್ತದೆ, ಹಿತದ ಜಾಗ ಚುರುಕಾಗುವುದಿಲ್ಲ. 1993ರಲ್ಲಿ ರಾಬಿನ್ಸನ್ ಮತ್ತು ಬೆರಿಡ್ಜ್ ಮುಂದಿಟ್ಟ ವಿವರಣೆಯ ತಿರುಳು ಇದು.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ತೀರ್ಥಹಳ್ಳಿ ಕಡೆಯ ತೋಟದವರು, 52 ವರ್ಷ, ದಿನಕ್ಕೆ 14 ಕವಳ. ಬಿಡುವ ಮೊದಲು ಒಂದು ವಾರ ಅವರಿಗೆ ಒಂದೇ ಕೆಲಸ ಕೊಡುತ್ತೇವೆ. ಸಣ್ಣ ಪುಸ್ತಕದಲ್ಲಿ ಪ್ರತಿ ಕವಳಕ್ಕೂ ಎರಡು ಅಂಕಿ ಬರೆಯಬೇಕು. ಬಾಯಿಗೆ ಇಡುವ ಮೊದಲು, ಎಷ್ಟು ಬೇಕು ಅನ್ನಿಸಿತು, ಹತ್ತಕ್ಕೆ ಎಷ್ಟು. ಹತ್ತು ನಿಮಿಷದ ಮೇಲೆ, ಎಷ್ಟು ಹಿತವಾಯಿತು, ಹತ್ತಕ್ಕೆ ಎಷ್ಟು. ಪಕ್ಕದಲ್ಲಿ ಎಲ್ಲಿದ್ದರು, ಯಾರ ಜೊತೆ ಎಂದು ಒಂದು ಪದ.

ಬೆಳಿಗ್ಗೆ ಆರಕ್ಕೆ ಮೊದಲ ಕವಳ: ಬೇಕು 8, ಹಿತ 7. ಇದಕ್ಕೆ ಕಾರಣವಿದೆ. ನಿಕೋಟಿನ್ ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು ಎರಡು ಗಂಟೆ ಬೇಕು. ರಾತ್ರಿ ಹತ್ತಕ್ಕೆ ನಿಲ್ಲಿಸಿದರೆ ಬೆಳಿಗ್ಗೆ ಆರಕ್ಕೆ ಉಳಿಯುವುದು ಹದಿನಾರನೇ ಒಂದು ಭಾಗ. ರಾತ್ರಿಯಿಡೀ ಗ್ರಾಹಕಗಳು ಚೇತರಿಸಿಕೊಂಡಿರುತ್ತವೆ, ಹಾಗಾಗಿ ಮೊದಲ ಕವಳಕ್ಕೆ ಅವು ಪೂರ್ತಿ ಸ್ಪಂದಿಸುತ್ತವೆ. ಹತ್ತು ಗಂಟೆಯ ಹೊತ್ತಿಗೆ ಅವು ಮಂಕಾಗಿರುತ್ತವೆ: ಬೇಕು 6, ಹಿತ 3. ಮಧ್ಯಾಹ್ನ ಊಟದ ನಂತರ: ಬೇಕು 8, ಹಿತ 3. ರಾತ್ರಿ ಅಡಿಕೆ ಸುಲಿಯುವಾಗ, ಮೆಟ್ಟುಗತ್ತಿಯ ಮುಂದೆ, ನಾಲ್ಕು ಜನರ ಮಧ್ಯೆ: ಬೇಕು 9, ಹಿತ 1.

ಈ ಪುಸ್ತಕ ಎರಡು ರೀತಿಯಲ್ಲಿ ಕೆಲಸಕ್ಕೆ ಬರುತ್ತದೆ. ಮೊದಲನೆಯದಾಗಿ, ತಮಗೆ ಹಿತ ಸಿಗುತ್ತಿರುವುದು ದಿನಕ್ಕೆ ಒಂದೆರಡು ಕವಳದಲ್ಲಿ ಮಾತ್ರ ಎಂದು ಅವರೇ ತಮ್ಮ ಕೈಬರಹದಲ್ಲಿ ಕಾಣುತ್ತಾರೆ. ಎರಡನೆಯದು ಇನ್ನೂ ಮುಖ್ಯ. ಬೇಕು ಹೆಚ್ಚಿದ್ದು ಹಿತ ಕಡಿಮೆ ಇರುವ ಸಾಲುಗಳೇ ಅಪಾಯದ ಜಾಗಗಳು. ಬೆಳಗಿನ ಕವಳದ ಹಿಂದೆ ಇರುವುದು ಹೆಚ್ಚಾಗಿ ದೇಹದ ನಿಕೋಟಿನ್ ಕೊರತೆ. ಅದಕ್ಕೆ ಔಷಧಿ ಇದೆ. ಸುಲಿತದ ಕವಳದ ಹಿಂದೆ ಇರುವುದು ಕಲಿತ ಪಾಠ. ಅದಕ್ಕೆ ಮಾತ್ರೆಯಿಂದ ಆಗುವುದು ಕಡಿಮೆ.

ಔಷಧಿಯ ಮಾತನ್ನು ಮುಗಿಸಿಬಿಡೋಣ. ಮೊದಲ ಎರಡು ಮೂರು ದಿನ ಸಿಡುಕು, ನಿದ್ದೆಗೇಡು, ಮಂಕು ಜೋರಾಗಿರುತ್ತವೆ. ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತವೆ. ಈ ಅವಧಿ ದಾಟಲು ನಿಕೋಟಿನ್ ಚೂಯಿಂಗ್ ಗಮ್ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ, 2 ಮತ್ತು 4 ಮಿಲಿಗ್ರಾಂ. ಎದ್ದ ಅರ್ಧ ಗಂಟೆಯೊಳಗೆ ಬಾಯಿಗೆ ಹಾಕುವ ಅಭ್ಯಾಸವಿದ್ದವರಿಗೆ ಸಾಮಾನ್ಯವಾಗಿ 4 ಮಿಲಿಗ್ರಾಂ ಬೇಕಾಗುತ್ತದೆ. ಮೊದಲ ಆರು ವಾರ ಒಂದೆರಡು ಗಂಟೆಗೊಂದು, ಆಮೇಲೆ ಅಂತರ ಹೆಚ್ಚಿಸುತ್ತಾ ಹನ್ನೆರಡು ವಾರಕ್ಕೆ ನಿಲ್ಲಿಸುವುದು. ನಮ್ಮವರು ಎಡವುವುದು ಇಲ್ಲೇ. ಅದನ್ನು ಕವಳದ ಹಾಗೆ ಒಂದೇ ಸಮ ಜಗಿಯುತ್ತಾರೆ. ನಿಕೋಟಿನ್ ಉಗುಳಿನ ಜೊತೆ ಹೊಟ್ಟೆಗೆ ಹೋಗಿ ಬಿಕ್ಕಳಿಕೆ, ಹೊಟ್ಟೆ ತೊಳಸು ಶುರುವಾಗುತ್ತದೆ, ತಲಬು ಮಾತ್ರ ಇಳಿಯುವುದಿಲ್ಲ. ಸರಿಯಾದ ಕ್ರಮ ಹೀಗೆ: ನಾಲಗೆಗೆ ಚುರುಚುರು ಅನ್ನುವವರೆಗೆ ನಿಧಾನ ಜಗಿದು, ಕೆನ್ನೆ ಮತ್ತು ವಸಡಿನ ನಡುವೆ ಒತ್ತಿ ಇಟ್ಟು ಸುಮ್ಮನಿರಬೇಕು. ಚುರುಚುರು ಹೋದ ಮೇಲೆ ಮತ್ತೆ ನಾಲ್ಕು ಸಲ ಜಗಿದು ಬೇರೆ ಜಾಗದಲ್ಲಿ ಇಡಬೇಕು. ಹೀಗೆ ಅರ್ಧ ಗಂಟೆ. ಅದಕ್ಕೆ ಕಾಲು ಗಂಟೆ ಮುಂಚೆ ಕಾಫಿ, ನಿಂಬೆ ಪಾನಕ ಬೇಡ. ಹುಳಿಯಲ್ಲಿ ನಿಕೋಟಿನ್ ಕೆನ್ನೆಯನ್ನು ದಾಟುವುದಿಲ್ಲ. ಸುಣ್ಣ ಮಾಡುವುದಕ್ಕೆ ಸರಿಯಾಗಿ ಉಲ್ಟಾ.

ಜಗಿಯುವವರಲ್ಲಿ ಈ ಗಮ್‌ನ ಫಲ ಸಿಗರೇಟು ಸೇದುವವರಲ್ಲಿ ಕಂಡಷ್ಟು ಗಟ್ಟಿಯಾಗಿ ಸಾಬೀತಾಗಿಲ್ಲ. ವೆರೆನಿಕ್ಲೀನ್ ಎಂಬ ಮಾತ್ರೆಗೆ ಇದಕ್ಕಿಂತ ಒಳ್ಳೆಯ ಆಧಾರವಿದೆ. ಅದು ನಿಕೋಟಿನ್ ಕೂರುವ ಗ್ರಾಹಕದಲ್ಲೇ ಕುಳಿತು, ಅರೆಬರೆ ಕೆಲಸ ಮಾಡಿ, ನಿಕೋಟಿನ್‌ಗೆ ಜಾಗ ಬಿಡುವುದಿಲ್ಲ. ಸಾಮಾನ್ಯವಾಗಿ 12 ವಾರ. ವೈದ್ಯರ ಚೀಟಿ ಬೇಕೇ ಬೇಕು, ಹೃದಯದ, ಮೂತ್ರಪಿಂಡದ ತೊಂದರೆ ಇದ್ದರೆ ಮೊದಲೇ ಹೇಳಬೇಕು. ಫೋನಿನಲ್ಲಿ ಸಲಹೆಗೆ ರಾಷ್ಟ್ರೀಯ ತಂಬಾಕು ಮುಕ್ತಿ ಸಹಾಯವಾಣಿ ಇದೆ, 1800-11-2356, ಉಚಿತ.

ನಮ್ಮ ತೋಟದವರು ಜುಲೈನಲ್ಲಿ, ಮಳೆ ಜೋರಾಗಿದ್ದಾಗ ಬಿಟ್ಟರು ಎಂದಿಟ್ಟುಕೊಳ್ಳಿ. ನಿಕೋಟಿನ್‌ನಿಂದ ಹೆಚ್ಚಿದ್ದ ಗ್ರಾಹಕಗಳ ಸಂಖ್ಯೆ 6ರಿಂದ 12 ವಾರದಲ್ಲಿ ಮಾಮೂಲಿಗೆ ಬರುತ್ತದೆ. ಗಣಪತಿ ಹಬ್ಬಕ್ಕೆ ಅವರು ಆರಾಮ. 'ಗೆದ್ದೆ' ಅನ್ನಿಸುತ್ತದೆ. ಡಿಸೆಂಬರಿನಲ್ಲಿ ಕೊನೆಕೊಯ್ಲು ಶುರುವಾಗಿ, ಮೊದಲ ರಾತ್ರಿ ಸುಲಿತಕ್ಕೆ ಕುಳಿತಾಗ, ಹಸಿ ಅಡಿಕೆಯ ವಾಸನೆಯ ಜೊತೆಗೆ ತಲಬು ಹತ್ತಕ್ಕೆ ಹತ್ತು. ಐದು ತಿಂಗಳಾಗಿದೆ, ದೇಹದಲ್ಲಿ ನಿಕೋಟಿನ್ ಒಂದು ಹನಿಯೂ ಇಲ್ಲ. ಅವರು ತಮ್ಮ ಮನಸ್ಸೇ ಗಟ್ಟಿಯಿಲ್ಲ ಎಂದುಕೊಳ್ಳುತ್ತಾರೆ. ಅದು ತಪ್ಪು. ಜುಲೈನಿಂದ ನವೆಂಬರ್‌ವರೆಗೆ ಚಾವಡಿಯಲ್ಲಿ, ಬಸ್ಸಿನಲ್ಲಿ, ಊಟದ ನಂತರ 'ಈಗ ಸಿಗುವುದಿಲ್ಲ' ಎಂಬ ಹೊಸ ಪಾಠವನ್ನು ಮಿದುಳು ಕಲಿತಿತ್ತು. ಸುಲಿತದ ಜಾಗದಲ್ಲಿ ಆ ಪಾಠ ನಡೆದೇ ಇರಲಿಲ್ಲ. ಹೊಸ ಪಾಠ ಹಳೆಯದನ್ನು ಅಳಿಸುವುದಿಲ್ಲ, ಅದರ ಮೇಲೆ ಕೂರುತ್ತದೆ ಅಷ್ಟೆ, ಅದೂ ಕಲಿತ ಜಾಗದಲ್ಲಿ. ಅಲ್ಲದೆ ಬಿಟ್ಟ ಮೊದಲ ವಾರಗಳಲ್ಲಿ ಸುಮ್ಮನಿದ್ದಾಗಿನ ತಲಬು ಇಳಿಯುತ್ತಿದ್ದರೂ, ಸೂಚನೆ ಕಂಡಾಗ ಏಳುವ ತಲಬು ಕೆಲಕಾಲ ಏರುತ್ತದೆ. ಇಲಿಗಳಲ್ಲೂ ಸಿಗರೇಟು ಬಿಟ್ಟವರಲ್ಲೂ ಇದನ್ನು ಅಳೆದು ನೋಡಿದ್ದಾರೆ.

ಆದ್ದರಿಂದ ಸುಲಿತಕ್ಕೆ ಮೊದಲೇ ತಯಾರಿ ಬೇಕು. ಮೊದಲ ದಿನ ಅರ್ಧ ಗಂಟೆ ಮಾತ್ರ, ಕವಳ ಹಾಕದವರ ಪಕ್ಕದಲ್ಲಿ, ಬಟ್ಟಲು ಕಣ್ಣಿಗೆ ಬೀಳದ ಕಡೆ ಕೂರುವುದು. ತಲಬು ಎದ್ದಾಗ ಗಡಿಯಾರ ನೋಡುವುದು. ಒಂದೊಂದು ಅಲೆ ಸಾಮಾನ್ಯವಾಗಿ ಕೆಲವೇ ನಿಮಿಷದಲ್ಲಿ ಇಳಿಯುತ್ತದೆ. ಅದು ಇಳಿಯುವವರೆಗೆ ಅಲ್ಲೇ ಇರಬೇಕು, ಯಾಕೆಂದರೆ ದೀಪ ಹೊತ್ತಿಯೂ ರಸ ಬರಲಿಲ್ಲ ಎಂಬ ಪಾಠ ಆ ನಿಮಿಷಗಳಲ್ಲೇ ಬರೆಯಲ್ಪಡುತ್ತದೆ. ಮಧ್ಯದಲ್ಲಿ ಎದ್ದುಹೋದರೆ ಪಾಠ ಅರ್ಧಕ್ಕೆ ನಿಂತಂತೆ. ಆದರೆ ಎದ್ದುಹೋಗುವುದು ಅಥವಾ ಹಾಕುವುದು ಎರಡೇ ದಾರಿ ಉಳಿದಿದ್ದರೆ, ಎದ್ದುಹೋಗಿ.

ಒಬ್ಬ ಯುವಕರು ಕೇಳಿದರು: "ಹೊಗೆಸೊಪ್ಪು ಮಾತ್ರ ಬಿಟ್ಟು ಬರೀ ಎಲೆ ಅಡಿಕೆ ಹಾಕಿದರೆ ಆಗುವುದಿಲ್ಲವೇ ಸರ್?"

ಅಡಿಕೆ ಈ ನಾಡಿನ ಅನ್ನ, ಹಾಗಾಗಿ ಇದನ್ನು ಹೇಳುವುದು ಸುಲಭವಲ್ಲ. ಆದರೂ ಹೇಳಬೇಕು. ಅಡಿಕೆಯಲ್ಲಿರುವ ಅರೆಕೋಲಿನ್ ಕೂಡ ಮಿದುಳಿನ ಮೇಲೆ ಕೆಲಸ ಮಾಡುತ್ತದೆ, ನಿಕೋಟಿನ್ ಅಂಟುವ ಗ್ರಾಹಕಗಳಲ್ಲೇ ಕೆಲವನ್ನು ಅರೆಬರೆಯಾಗಿ ಪ್ರಚೋದಿಸುತ್ತದೆ ಎಂದು ಪ್ರಯೋಗಾಲಯದಲ್ಲಿ ಕಂಡಿದೆ. ಇನ್ನೊಂದು, ಎಲೆ ಒರೆಸಿ ಸುಣ್ಣ ಸವರುವವರೆಗಿನ ಎಲ್ಲ ಸೂಚನೆಗಳೂ ಹಾಗೇ ಉಳಿಯುತ್ತವೆ. ಒಂದು ಚಿಟಿಕೆ ಮಾತ್ರ ಕಡಿಮೆ, ಆ ಚಿಟಿಕೆ ಮರಳಿ ಬರಲು ಒಂದು ಸಂಜೆ ಸಾಕು. ಮೂರನೆಯದು ಬಾಯಿಯ ಆರೋಗ್ಯ. ಹೊಗೆಸೊಪ್ಪು ಸೇರದ ಅಡಿಕೆಯನ್ನು ಜಗಿಯುವುದನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಕ್ಯಾನ್ಸರ್‌ಕಾರಕ ಎಂದು ವರ್ಗೀಕರಿಸಿದೆ. ಕೆನ್ನೆಯ ಒಳಭಾಗ ಗಟ್ಟಿಯಾಗಿ ಬಿಳಿಚಿಕೊಂಡರೆ, ಖಾರ ತಿಂದರೆ ಉರಿದರೆ, ನಿಮ್ಮ ಮೂರು ಬೆರಳು ಒಂದರ ಮೇಲೊಂದಾಗಿ ಬಾಯೊಳಗೆ ಹಿಡಿಸದಿದ್ದರೆ, ದಂತವೈದ್ಯರಿಗೆ ತೋರಿಸುವುದನ್ನು ಮುಂದೂಡಬೇಡಿ.

ಹಿಂದಿನ ಸಾಲಿನಿಂದ ಒಬ್ಬ ತಾಯಿ ಕೇಳಿದರು: "ನಮ್ಮ ಮನೆಯವ್ರು ನಾಲ್ಕು ತಿಂಗಳು ಬಿಟ್ಟಿದ್ರು. ಮೊನ್ನೆ ಮದುವೆ ಮನೇಲಿ ಒಂದೇ ಒಂದು ಹಾಕಿದ್ರಂತೆ. ಈಗ ದಿನಾ ಕೇಳ್ತಾರೆ. ಎಲ್ಲಾ ಮೊದಲಿಂದ ಶುರು ಮಾಡ್ಬೇಕಾ?"

ಇಲ್ಲಮ್ಮ. ಒಂದು ಕವಳದಿಂದ ನಾಲ್ಕು ತಿಂಗಳ ಪಾಠ ಅಳಿಯುವುದಿಲ್ಲ. ಆದರೆ ಅದು ಹಳೆಯ ದಾರಿಯನ್ನು ಎಚ್ಚರಿಸುತ್ತದೆ, ಅದಕ್ಕೇ ಮುಂದಿನ ಕೆಲವು ದಿನ ತಲಬು ಜಾಸ್ತಿ. ಈ ದಿನಗಳಲ್ಲಿ ಮನೆಯಲ್ಲಿ ಹೊಗೆಸೊಪ್ಪು ಇರಬಾರದು, ನೆಂಟರಿಗೆ ಎಂದು ಎತ್ತಿಟ್ಟದ್ದೂ ಇರಬಾರದು. "ಅಷ್ಟು ಸುಖ ಏನಿತ್ತು ಅದರಲ್ಲಿ" ಎಂದು ಕೇಳಬೇಡಿ. ಸುಖ ಸಿಕ್ಕಿರಲಿಕ್ಕಿಲ್ಲ, ಅದು ಅವರಿಗೂ ಗೊತ್ತು. ಬದಲಿಗೆ, ಮದುವೆ ಮನೆಯಲ್ಲಿ ಯಾವ ಹೊತ್ತಿಗೆ ಹಾಕಿದ್ದು, ಪಕ್ಕದಲ್ಲಿ ಯಾರಿದ್ದರು, ಬಟ್ಟಲು ಯಾರು ಮುಂದೆ ಹಿಡಿದರು ಎಂದು ಕೇಳಿ, ಆ ಪುಸ್ತಕದಲ್ಲಿ ಒಂದು ಸಾಲು ಬರೆಸಿ. ಮುಂದಿನ ಮದುವೆಗೆ ಹೊರಡುವ ಮೊದಲು ಆ ಸಾಲನ್ನು ಇಬ್ಬರೂ ಒಮ್ಮೆ ಓದಿಕೊಂಡು, ಊಟದ ಪಂಕ್ತಿಯಿಂದ ಎದ್ದ ಮೇಲೆ ಎಲ್ಲಿ ಕೂರುವುದು ಎಂದು ಮನೆಯಲ್ಲೇ ತೀರ್ಮಾನಿಸಿ.